ಫ್ರೀ-ಲುಕ್ ಒಳಗೆ ಬೇಡವೆಂದರೂ ಪ್ರೀಮಿಯಂ ವಾಪಸ್ ಬಂದಿಲ್ಲ

“ಜೀವ ವಿಮೆ ಪಾಲಿಸಿ ಕೈಗೆ ಬಂದು 18 ದಿನ. ಬೇಡ ಅಂತ ಏಜೆಂಟ್‌ಗೆ ಹೇಳಿ ವಾರ ಆಯ್ತು, ದುಡ್ಡು ಬಂದಿಲ್ಲ.”

ಏಜೆಂಟ್‌ಗೆ ಬಾಯಿಮಾತಲ್ಲಿ ಹೇಳಿದ್ದು ಬಹುಶಃ ಕಂಪನಿಗೆ ತಲುಪೇ ಇಲ್ಲ. ಪಾಲಿಸಿ ಬೇಡವೆಂದು ಮರಳಿಸಲು ಅದು ಕೈಸೇರಿದ ದಿನದಿಂದ 30 ದಿನ ಅವಕಾಶವಿದೆ, ಇದೇ ಫ್ರೀ-ಲುಕ್ ಅವಧಿ. ಇವತ್ತೇ ಕಂಪನಿಯ ಗ್ರಾಹಕ ಸೇವೆಗೆ ನೀವೇ ಇಮೇಲ್ ಕಳಿಸಿ: “ಫ್ರೀ-ಲುಕ್ ಅವಧಿಯಲ್ಲಿ ರದ್ದು ಮಾಡಿ, ಪ್ರೀಮಿಯಂ ಮರಳಿಸಿ.” ‘ಸರೆಂಡರ್’ ಅಂತ ಮಾತ್ರ ಬರೆಯಬೇಡಿ, ಅದು ಪಾಲಿಸಿಯನ್ನು ನಡುವೆ ಬಿಟ್ಟುಕೊಡುವುದು, ಅದರ ಲೆಕ್ಕವೇ ಬೇರೆ. ಪಾಲಿಸಿ ನಂಬರ್, ಅದು ಕೈಸೇರಿದ ದಿನಾಂಕ ಬರೆದು, ಕ್ಯಾನ್ಸಲ್ ಚೆಕ್‌ನ ಫೋಟೊ ಸೇರಿಸಿ. ಸ್ವೀಕೃತಿ ನಂಬರ್ ಕೇಳಿ ಪಡೆಯಿರಿ. ಏಜೆಂಟ್ ಕಾಯಿರಿ ಅಂದರೂ ಕಾಯಬೇಡಿ, ಸುಮ್ನೆ ಗಡುವು ದಾಟುತ್ತದೆ.

ಮನವಿ ತಲುಪಿದ 7 ದಿನದೊಳಗೆ ದುಡ್ಡು ಬರಬೇಕು. ಸ್ಟಾಂಪ್ ಡ್ಯೂಟಿ, ವೈದ್ಯಕೀಯ ತಪಾಸಣೆ ಮಾಡಿಸಿದ್ದರೆ ಅದರ ಖರ್ಚು, ವಿಮೆ ಇದ್ದಷ್ಟು ದಿನದ ರಕ್ಷಣೆಯ ಖರ್ಚಿನ ಪಾಲು, ಇಷ್ಟೇ ಕಳೆಯಬಹುದು. ಬರದಿದ್ದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ತಾಣ bimabharosa.irdai.gov.in ನಲ್ಲಿ ದೂರು ಹಾಕಿ.