ಪೊರೆ ದಪ್ಪ ಅಂತ ಆಪರೇಷನ್ ಹೇಳಿದ್ದಾರೆ, ಮಾಡಿಸಬೇಕಾ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ತವರು ಕುಂದಾಪುರದ ಹತ್ತಿರ. ಮದುವೆಯಾಗಿ ಡೊಂಬಿವಲಿಗೆ ಬಂದು ಒಂದೂವರೆ ವರ್ಷವಾಯಿತು. ನಮ್ಮಿಬ್ಬರ ನಡುವೆ ಇನ್ನೂ ಸಂಭೋಗ ಆಗಿಲ್ಲ. ಗಂಡ ಒಳ್ಳೆಯವರು, ನನಗೂ ಅವರೆಂದರೆ ಇಷ್ಟ. ಆದರೆ ಪ್ರಯತ್ನಪಟ್ಟಾಗಲೆಲ್ಲ ಅಲ್ಲಿ ಗೋಡೆ ಇದೆಯೇನೋ ಅನ್ನಿಸುತ್ತದೆ. ವಿಪರೀತ ಉರಿ, ಕಾಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಡಾಕ್ಟರ್ ಪರೀಕ್ಷೆ ಮಾಡಲು ಬಂದಾಗ ಕಿರುಚಿಬಿಟ್ಟೆ. ‘ಪೊರೆ ದಪ್ಪ ಇದೆ, ಚಿಕ್ಕ ಆಪರೇಷನ್ ಮಾಡಿದರೆ ಸರಿಹೋಗುತ್ತೆ’ ಎಂದರು. ಮನೆಯಲ್ಲಿ ಅತ್ತೆ ‘ಏನೂ ವಿಶೇಷ ಇಲ್ವಾ’ ಎಂದು ಕೇಳುತ್ತಲೇ ಇರುತ್ತಾರೆ. ಆಪರೇಷನ್ ಮಾಡಿಸಲಾ?
— ಹೆಸರು ಬೇಡ, ಡೊಂಬಿವಲಿ

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನಿಮಗೆ ಮುಟ್ಟು ಸರಿಯಾಗಿ ಆಗುತ್ತಿದೆ ಎಂದುಕೊಂಡು ಹೀಗೆ ಹೇಳುತ್ತಿದ್ದೇನೆ. ರಕ್ತ ಹೊರಗೆ ಬರುತ್ತಿದೆ ಎಂದರೆ ದಾರಿ ಪೂರ್ತಿ ಮುಚ್ಚಿಲ್ಲ. ಕನ್ಯಾಪೊರೆ ಅನ್ನುವುದು ಯೋನಿಯ ಬಾಯಿಯ ಸುತ್ತ ಇರುವ ಮೆತ್ತನೆಯ, ಹಿಗ್ಗುವ ಅಂಚು, ಅಷ್ಟೇ. ಅಪರೂಪಕ್ಕೆ ಕೆಲವರಲ್ಲಿ ಅದರ ನಡುವೆ ಒಂದು ಪಟ್ಟಿ ಅಡ್ಡ ಬಂದಿರುತ್ತದೆ. ಅಂಥವರಿಗೆ ಚಿಕ್ಕ ಆಪರೇಷನ್ ಬೇಕಾಗುವುದು ನಿಜ. ಆದರೆ ಅದನ್ನು ಕಣ್ಣಿಂದ ನೋಡಿಯೇ ಹೇಳಬೇಕು. ನೀವು ಕಿರುಚಿ ಕಾಲು ಮುಚ್ಚಿಕೊಂಡ ಪರೀಕ್ಷೆಯಲ್ಲಿ ಪೊರೆ ದಪ್ಪವೋ ತೆಳುವೋ ತಿಳಿಯುವುದು ಕಷ್ಟ. ಡಾಕ್ಟರ್ ಬೆರಳಿಗೆ ತಗುಲಿದ ಬಿಗಿ ಬಹುಶಃ ಪೊರೆಯದಲ್ಲ, ಅದರ ಹಿಂದಿನ ಸ್ನಾಯುವಿನದು.

ಯೋನಿ, ಮೂತ್ರದ್ವಾರ, ಗುದದ್ವಾರ ಮೂರನ್ನೂ ಸುತ್ತುವರಿದು, ಸೊಂಟದ ಎಲುಬುಗಳ ತಳದಲ್ಲಿ ಸ್ನಾಯುಗಳ ಒಂದು ಪದರ ಇದೆ. ಅದಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರ ತಡೆದುಕೊಳ್ಳುವಾಗ ಬಿಗಿಯಾಗುವುದು ಇದೇ. ಏನಾದರೂ ಒಳಗೆ ಬರುತ್ತದೆ, ನೋವಾಗುತ್ತದೆ ಎಂದು ಮೆದುಳಿಗೆ ಅನ್ನಿಸಿದ ತಕ್ಷಣ ಈ ಸ್ನಾಯು ನಿಮ್ಮನ್ನು ಕೇಳದೆಯೇ ಬಿಗಿಯುತ್ತದೆ. ಕಣ್ಣಿನ ಹತ್ತಿರ ಕೈ ತಂದರೆ ರೆಪ್ಪೆ ಮುಚ್ಚಿಕೊಳ್ಳುತ್ತದಲ್ವಾ, ಹಾಗೆ. ಇದರ ಹೆಸರು ವಜೈನಿಸ್ಮಸ್. ಬಿಗಿದಿರುವಾಗ ಒತ್ತಿದರೆ ನೋವು, ನೋವಾದ್ದರಿಂದ ಮುಂದಿನ ಸಲ ಇನ್ನೂ ಹೆಚ್ಚು ಬಿಗಿ. ಒಂದೂವರೆ ವರ್ಷದಲ್ಲಿ ನಿಮ್ಮ ದೇಹ ಕಲಿತದ್ದು ಇದನ್ನೇ.

ಇದಕ್ಕೂ ಗಂಡನ ಮೇಲಿನ ಪ್ರೀತಿಗೂ ಸಂಬಂಧವಿಲ್ಲ. ಎಷ್ಟೋ ಮಂದಿಗೆ ಆಸೆಯೂ ಇರುತ್ತದೆ, ಮುದ್ದಿನಲ್ಲಿ ಸುಖವೂ ಸಿಗುತ್ತದೆ, ಒಳಗೆ ಹೋಗುವ ಮಾತು ಬಂದಾಗ ಮಾತ್ರ ಮೈ ತಡೆಯುತ್ತದೆ. ಹಿಂದೆ ಯಾರಾದರೂ ಬಲವಂತ ಮಾಡಿದ್ದು, ಮೊದಲ ರಾತ್ರಿ ರಕ್ತ ಬರುತ್ತದೆ ಎಂದು ಹೆದರಿಸಿದ್ದು ಕೆಲವರಲ್ಲಿ ಕಾರಣ. ಹಲವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಸಿಗದಿದ್ದರೂ ಚಿಕಿತ್ಸೆ ನಡೆಯುತ್ತದೆ.

ಪೊರೆ ಕತ್ತರಿಸಿದರೆ ಈ ಬಿಗಿತ ಹೋಗುವುದಿಲ್ಲ. ಗಾಯ ಮಾಗುವಾಗ ಕಲೆ ಉಳಿದು ಇನ್ನಷ್ಟು ನೋಯುವ ಸಾಧ್ಯತೆ ಬೇರೆ. ‘ಸ್ವಲ್ಪ ವೈನ್ ಕುಡಿ, ರಿಲ್ಯಾಕ್ಸ್ ಆಗು’ ಎನ್ನುವ ಸಲಹೆಯೂ ಇಷ್ಟೇ ಉಪಯೋಗ. ಮರಗಟ್ಟಿಸುವ ಜೆಲ್ ಹಚ್ಚಿ, ಹಲ್ಲು ಕಚ್ಚಿ ಮುಗಿಸಿಬಿಡೋಣ ಎಂದುಕೊಂಡರೂ ಕಲಿತ ಭಯ ಹಾಗೆಯೇ ಉಳಿಯುತ್ತದೆ.

ಇಷ್ಟಾದರೂ ನಿಮ್ಮನ್ನು ನೋಡದೆ ನಾನು ಖಚಿತವಾಗಿ ಹೇಳಲಾರೆ. ನೀವು ಉರಿ ಎಂದೂ ಬರೆದಿದ್ದೀರಿ. ಕೆಲವರಿಗೆ ಯೋನಿಯ ಬಾಯಿಯ ಚರ್ಮವೇ ಮುಟ್ಟಿದರೆ ಉರಿಯುತ್ತದೆ, ಸ್ನಾಯು ಬಿಗಿಯುವುದು ಆಮೇಲಿನ ಮಾತು. ಇದನ್ನು ತಿಳಿಯಲು ಡಾಕ್ಟರ್ ಒದ್ದೆ ಹತ್ತಿಯ ಕಡ್ಡಿಯಿಂದ ಬಾಯಿಯ ಸುತ್ತ ಮೆಲ್ಲಗೆ ಒಂದೊಂದೇ ಜಾಗ ಮುಟ್ಟುತ್ತಾರೆ. ಕೆಳಭಾಗದಲ್ಲಿ, ಗಡಿಯಾರದ 5 ಮತ್ತು 7 ಗಂಟೆ ಇರುವ ಜಾಗಗಳಲ್ಲಿ ಕಡ್ಡಿ ತಾಗಿದರೂ ಚುರುಕ್ ಎಂದರೆ ಚರ್ಮಕ್ಕೂ ಚಿಕಿತ್ಸೆ ಬೇಕು. ಬಿಳಿ ಸೆರಗು, ತುರಿಕೆ ಇದ್ದರೆ ಸೋಂಕು ಇದೆಯೇ ನೋಡಬೇಕು. ಯೋನಿಯ ಬಾಯಲ್ಲಿ ಅಲ್ಲ, ತೀರಾ ಒಳಗೆ ಕಿಬ್ಬೊಟ್ಟೆಯಲ್ಲಿ ನೋವು, ಜೊತೆಗೆ ಮುಟ್ಟಿನಲ್ಲಿ ತಡೆಯಲಾಗದ ಹೊಟ್ಟೆನೋವು ಇದ್ದರೆ, ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇದೆಯೇ ಎಂದು ಹುಡುಕುತ್ತೇವೆ, ಅದು ಬೇರೆ ದಾರಿ.

ಚಿಕಿತ್ಸೆಯ ಮೊದಲ ನಿಯಮ: ಸಂಭೋಗದ ಪ್ರಯತ್ನ ಸದ್ಯಕ್ಕೆ ಬಂದ್. ಗಂಡನಿಗೂ ಸ್ಪಷ್ಟವಾಗಿ ಹೇಳಿ. ಅಪ್ಪುಗೆ, ಮುದ್ದು ಎಲ್ಲ ಇರಲಿ. ‘ಇವತ್ತು ಆಗುತ್ತೋ ಇಲ್ವೋ’ ಎಂಬ ಪರೀಕ್ಷೆ ಮಾತ್ರ ಬೇಡ. ಆಮೇಲೆ ಉಸಿರು. ಮಂಡಿ ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ಮೂಗಿನಿಂದ ಉಸಿರು ಎಳೆಯಿರಿ. ಹೊಟ್ಟೆ ಉಬ್ಬುವಾಗ ಕೆಳಗಿನ ಸ್ನಾಯು ಸಡಿಲವಾಗಿ ಕೆಳಕ್ಕೆ ಇಳಿಯುವುದು ಗೊತ್ತಾಗುತ್ತದೆ. ಇಂಟರ್ನೆಟ್ ನೋಡಿ ಕೀಗಲ್ ವ್ಯಾಯಾಮ ಶುರು ಮಾಡಬೇಡಿ. ಅದು ಬಿಗಿಯುವ ಅಭ್ಯಾಸ, ನಿಮಗೆ ಬೇಕಾದದ್ದು ಬಿಡುವ ಅಭ್ಯಾಸ. ಇದನ್ನು ಸರಿಯಾಗಿ ಕಲಿಸುವವರು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್.

ನಂತರ ಕನ್ನಡಿ ಹಿಡಿದು ನಿಮ್ಮ ಮೈಯನ್ನು ನೀವೇ ನೋಡುವುದು, ಹೊರಗೆ ಬೆರಳಿಡುವುದು, ಕಿರುಬೆರಳಿನ ತುದಿ ಮಾತ್ರ ಒಳಗಿಡುವುದು. ಅಲ್ಲಿಂದ ಡೈಲೇಟರ್. ಸಿಲಿಕೋನಿನ ನುಣುಪಾದ ಕಡ್ಡಿಗಳವು. ಸಣ್ಣದರಿಂದ ದಪ್ಪಕ್ಕೆ ನಾಲ್ಕೈದು ಅಳತೆಯ ಸೆಟ್ ಆನ್‌ಲೈನ್‌ನಲ್ಲೂ ಸಿಗುತ್ತದೆ. ತುಂಬಾ ಜನ ಇದರಿಂದ ಯೋನಿಯನ್ನು ಅಗಲ ಮಾಡುತ್ತಾರೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಯೋನಿ ಹಿಗ್ಗುವ ಅಂಗವೇ, ಅಗಲ ಸಾಕಷ್ಟಿದೆ. ಒಳಗೆ ಒಂದು ವಸ್ತು ಇದ್ದರೂ ಏನೂ ಆಗುವುದಿಲ್ಲ ಎಂದು ಸ್ನಾಯುವಿಗೆ ಅಭ್ಯಾಸ ಮಾಡಿಸುವುದು ಇದರ ಕೆಲಸ.

ಪುಣೆಯಲ್ಲಿ ನಾನು ನೋಡಿದ ಒಂದು ಜೋಡಿಯ ವಿಷಯ ಹೇಳುತ್ತೇನೆ, ಗುರುತು ಬದಲಿಸಿದ್ದೇನೆ. ಉತ್ತರ ಕರ್ನಾಟಕದ ಕಡೆಯವರು, ಇಬ್ಬರೂ ಹಿಂಜವಡಿಯಲ್ಲಿ ಕೆಲಸ, ಮದುವೆಯಾಗಿ ಮೂರು ವರ್ಷ. ಆಕೆ ಮೊದಲ ಎರಡು ಡೈಲೇಟರ್ ಸಲೀಸಾಗಿ ದಾಟಿದರು. ಮೂರನೆಯದರಲ್ಲಿ ಮೂರು ವಾರ ನಿಂತುಬಿಟ್ಟರು. ‘ನನ್ನದು ಇಷ್ಟೇ ಮೇಡಂ’ ಎಂದು ಅತ್ತರು. ಅಭ್ಯಾಸ ಮಾಡುವಾಗ ಏನಾಗುತ್ತಿದೆ ಎಂದು ಫಿಸಿಯೋಥೆರಪಿಸ್ಟ್ ಪಕ್ಕದಲ್ಲೇ ನಿಂತು ನೋಡಿದರು. ಡೈಲೇಟರ್ ತಾಗುವ ಕ್ಷಣಕ್ಕೆ ಉಸಿರು ಹಿಡಿಯುತ್ತಿದ್ದರು, ಕಾಲ್ಬೆರಳು ಮಡಚುತ್ತಿದ್ದರು, ಕುಂಡೆ ಬಿಗಿಯುತ್ತಿದ್ದರು. ಆಕೆಗೆ ಅದರ ಅರಿವೇ ಇರಲಿಲ್ಲ. ಕಡ್ಡಿಯ ಅಳತೆ ಅಡ್ಡಿಯಾಗಿರಲಿಲ್ಲ.

ಕ್ರಮ ಬದಲಾಯಿತು. ಮೊದಲು ಎರಡನೆಯದನ್ನೇ ಒಳಗಿಟ್ಟು, ಅಲ್ಲಾಡಿಸದೆ, ಹತ್ತು ನಿಮಿಷ ಸುಮ್ನೆ ಮಲಗುವುದು. ಮೈ ಸಡಿಲವಾದ ಮೇಲೆ ಅದನ್ನು ತೆಗೆದು, ಮೂರನೆಯದನ್ನು ಯೋನಿಯ ಬಾಯಿಯ ಹತ್ತಿರ ಇಟ್ಟು, ಮೂತ್ರ ಹೊರಗೆ ಬಿಡುವಾಗಿನ ಹಾಗೆ ಕೆಳಕ್ಕೆ ಮೆಲ್ಲಗೆ ಮುಕ್ಕುತ್ತಾ, ಉಸಿರು ಬಿಡುತ್ತಾ ಬೆನ್ನ ಕಡೆಗೆ ಓರೆಯಾಗಿ ಸರಿಸುವುದು. ಮುಕ್ಕಿದಾಗ ಬಾಯಿ ತೆರೆದುಕೊಳ್ಳುತ್ತದೆ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ತಾವೇ ಕೇಳಿಕೊಳ್ಳಬೇಕು. ಎರಡು ಮೂರು ಅಂಕದ ಒತ್ತಡ ಇದ್ದರೆ ಅಲ್ಲೇ ನಿಲ್ಲಿಸಿ ಉಸಿರಾಡುವುದು. ಅದಕ್ಕಿಂತ ಮೇಲೆ ಹೋದರೆ ಹಿಂದೆ ಸರಿಯುವುದು, ಹಠ ಮಾಡುವುದಲ್ಲ. ಒಂದು ಸಲಕ್ಕೆ 10–15 ನಿಮಿಷ, ವಾರಕ್ಕೆ ನಾಲ್ಕೈದು ದಿನ. ಒಂದು ಅಳತೆ ಬೇಸರ ಬರುವಷ್ಟು ಸಲೀಸಾದ ಮೇಲೆ ಮುಂದಿನದು.

ಕೊನೆಯ ಡೈಲೇಟರ್ ತನಕ ಬಂದ ಮೇಲೆ ಗಂಡನ ಕೈಯಲ್ಲಿ ಡೈಲೇಟರ್, ಆಕೆಯ ಕೈ ಅವರ ಕೈ ಮೇಲೆ. ‘ಸಾಕು’ ಎಂದರೆ ಅಲ್ಲಿಗೆ ನಿಲ್ಲಬೇಕು. ನಂತರ ಸಂಭೋಗಕ್ಕೂ ಇದೇ ಪಾಠ: ಆಕೆ ಮೇಲೆ, ಎಷ್ಟು, ಯಾವಾಗ ಎನ್ನುವುದು ಆಕೆಯ ಕೈಲಿ, ಮೊದಲ ಕೆಲವು ಸಲ ಒಳಗೆ ಹೋದ ಮೇಲೆ ಅಲುಗಾಟ ಬೇಡ. ಇಲ್ಲೊಂದು ತೊಡಕು ಬಂತು. ಅಷ್ಟು ದಿನ ಕಾದ ಗಂಡನಿಗೆ ಆ ಹೊತ್ತಿಗೆ ಉದ್ರೇಕವೇ ಉಳಿಯಲಿಲ್ಲ. ಇದು ತುಂಬಾ ಸಾಮಾನ್ಯ. ವರ್ಷಗಟ್ಟಲೆ ಹೆಂಡತಿಗೆ ನೋವಾಗುವುದನ್ನು ಕಂಡವರ ಮೈಯೂ ಹೆದರುತ್ತದೆ. ಅವರಿಗೂ ಕೆಲವು ಸಲ ಕೌನ್ಸೆಲಿಂಗ್ ಆಯಿತು. ಶುರುವಾದ ಆರನೇ ತಿಂಗಳಲ್ಲಿ ಇಬ್ಬರಿಗೂ ನೋವಿಲ್ಲದೆ ಸಾಧ್ಯವಾಯಿತು. ಕೆಲವರಿಗೆ ಕೆಲವೇ ವಾರ ಸಾಕು, ಕೆಲವರಿಗೆ ಇದಕ್ಕಿಂತ ಜಾಸ್ತಿ. ಭಯ ತೀರಾ ಆಳವಾಗಿದ್ದರೆ ಮನೋಚಿಕಿತ್ಸಕರೂ ಜೊತೆಗೆ ಬೇಕು. ಇದೆಲ್ಲ ಮಾಡಿಯೂ ಸ್ನಾಯು ಬಿಡದಿದ್ದರೆ, ಅದನ್ನು ಸಡಿಲಿಸುವ ಬೊಟೊಕ್ಸ್ ಚುಚ್ಚುಮದ್ದು ಕೊಡುವುದುಂಟು. ಕೊಟ್ಟ ಮೇಲೂ ಡೈಲೇಟರ್ ಅಭ್ಯಾಸ ತಪ್ಪದು, ಹಾಗಾಗಿ ಅದು ಮೊದಲ ಮದ್ದಲ್ಲ.

ಒನ್ ಬಿಎಚ್‌ಕೆಯಲ್ಲಿ ಇದೆಲ್ಲ ಎಲ್ಲಿ ಮಾಡೋದು ಎನ್ನುತ್ತೀರಿ, ಗೊತ್ತು. ಬಚ್ಚಲಲ್ಲಿ ನಿಂತು ಅವಸರದಲ್ಲಿ ಮಾಡಿದರೆ ಸ್ನಾಯು ಬಿಡುವುದಿಲ್ಲ. ಹಾಲ್‌ನಲ್ಲಿ ಟಿವಿ ಓಡುವ ಹೊತ್ತಿಗೆ ರೂಮಿನ ಚಿಲಕ ಹಾಕಿ, ಬೆನ್ನಿಗೆ ದಿಂಬಿಟ್ಟುಕೊಂಡು ಮಲಗಿ. ಡೈಲೇಟರನ್ನು ಸೌಮ್ಯ ಸೋಪಿನಲ್ಲಿ ತೊಳೆದು ಒಣಗಿಸಿ ಪ್ಯಾಡ್ ಇಡುವ ಚೀಲದಲ್ಲಿಟ್ಟರೆ ಯಾರೂ ತೆರೆದು ನೋಡುವುದಿಲ್ಲ. ನೀರಿನ ಅಂಶದ ಲೂಬ್ರಿಕೆಂಟ್ ಧಾರಾಳವಾಗಿ ಹಚ್ಚಿ. ಬೆರಳಿನ ಅಭ್ಯಾಸಕ್ಕೆ ಕೊಬ್ಬರಿ ಎಣ್ಣೆ ಆಗುತ್ತದೆ. ಕಾಂಡೋಮ್ ಜೊತೆ ಮಾತ್ರ ಬೇಡ, ಎಣ್ಣೆಗೆ ಲ್ಯಾಟೆಕ್ಸ್ ಹರಿಯುತ್ತದೆ.

ಅತ್ತೆಯವರ ಪ್ರಶ್ನೆಗೆ ನೀವು ಉತ್ತರ ಕೊಡಬೇಕಾಗಿಲ್ಲ. ‘ಡಾಕ್ಟರ್ ಹತ್ತಿರ ತೋರಿಸ್ತಿದ್ದೇವೆ ಅಮ್ಮಾ’ ಎಂದು ಮಗನೇ ಹೇಳಲಿ. ವಜೈನಿಸ್ಮಸ್‌ನಿಂದ ಗರ್ಭಕೋಶಕ್ಕಾಗಲಿ ಅಂಡಾಶಯಕ್ಕಾಗಲಿ ಏನೂ ಆಗುವುದಿಲ್ಲ. ಮಗು ಬೇಕೆಂಬ ಅವಸರ ಇದ್ದರೆ ವೀರ್ಯವನ್ನು ಶುದ್ಧವಾದ ಬಟ್ಟಲಲ್ಲಿ ತೆಗೆದು, ಸೂಜಿ ಇಲ್ಲದ ಸಿರಿಂಜ್‌ನಿಂದ ಯೋನಿಯೊಳಗೆ ಬಿಡುವ ವಿಧಾನವನ್ನು ಡಾಕ್ಟರ್ ಹೇಳಿಕೊಡಬಲ್ಲರು. ಆದರೆ ಗರ್ಭಿಣಿಯಾದರೆ ಇದು ತಾನಾಗಿ ಹೋಗುತ್ತದೆ ಎನ್ನುವುದು ಸುಳ್ಳು. ಬಸಿರಿನಲ್ಲಿ ಒಳಪರೀಕ್ಷೆ ಬಂದಾಗ ಇದೇ ಭಯ ಎದುರಾಗುತ್ತದೆ. ಮೊದಲೇ ಚಿಕಿತ್ಸೆ ಆಗಿದ್ದರೆ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಮುಂಬೈಯಲ್ಲಿ ಕೆಇಎಂ, ಸಯನ್, ನಾಯರ್ ಮೂರೂ ಪಾಲಿಕೆ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗದ ಜೊತೆ ಫಿಸಿಯೋಥೆರಪಿಯೂ ಮನೋರೋಗ ವಿಭಾಗವೂ ಇವೆ. ಪೆಲ್ವಿಕ್ ಫ್ಲೋರ್ ಕೆಲಸ ಯಾರು ಮಾಡುತ್ತಾರೆ ಎಂದು ಕೇಳಿ. ಯಾವ ಡಾಕ್ಟರ್ ಹತ್ತಿರ ಹೋದರೂ ಮಂಚ ಹತ್ತುವ ಮೊದಲೇ, ಬಟ್ಟೆ ಹಾಕಿಕೊಂಡಿರುವಾಗಲೇ ಮೂರು ಮಾತು ಹೇಳಿ: ನನಗೆ ವಜೈನಿಸ್ಮಸ್ ಇರಬಹುದು. ಇವತ್ತು ಬರೀ ಮಾತಾಡೋಣ, ನೋಡುವುದಿದ್ದರೆ ಹೊರಗಿನಿಂದ ಮಾತ್ರ ನೋಡಿ. ‘ನಿಲ್ಲಿಸಿ’ ಎಂದರೆ ನಿಲ್ಲಿಸಿ. ಇದನ್ನು ಕೇಳಿ ಮುಖ ಗಂಟು ಹಾಕಿದರೆ ಫೈಲ್ ತೆಗೆದುಕೊಂಡು ಬೇರೆ ಡಾಕ್ಟರ್ ಹತ್ತಿರ ಹೋಗಿ.