ಪ್ರತಿಕ್ರಿಯೆ: ಗಣೇಶೋತ್ಸವದ ಲೆಕ್ಕ ತಾಳೆ

“ರಸೀದಿ ಲೆಕ್ಕದಷ್ಟು ದುಡ್ಡು ಕೈಲಿಲ್ಲ, ವರದೀಲಿ ಹೇಗೆ ತೋರಿಸ್ಲಿ?”

ಮೊದ್ಲು ರಸೀದಿ ಬುಕ್ಕಲ್ಲೇ ಉಳಿಯೋ ಅರ್ಧ ಹಾಳೆಗಳನ್ನ ಒಂದೊಂದೇ ತಿರುವಿ ನೋಡಿ ಸರ್, ದುಡ್ಡು ಬರೋಕ್ಮುಂಚೆನೇ ಹರಿದು ಕೊಟ್ಟಿರೋದು ಇರುತ್ತೆ. ನಮ್ಮ ಬೀದೀಲಿ ರಸೀದಿ 86,400, ಖರ್ಚು 71,250, ಅಂದ್ರೆ 15,150 ಉಳೀಬೇಕಿತ್ತು, ಕ್ಯಾಶು ಬ್ಯಾಂಕು ಸೇರಿ ಇದ್ದಿದ್ದು 12,650. ನೋಡಿದ್ರೆ ಒಂದು ಹಾಳೆ ಹಿಂದೆ ಪೆನ್ಸಿಲಲ್ಲಿ ‘ಆಮೇಲೆ ಕೊಡ್ತಾರೆ’ ಅಂತಿತ್ತು, ಅದು 1,500, ಇನ್ನೊಂದು ಸಾವಿರ ಪಾತ್ರೆ ಬಾಡಿಗೆಯವ್ರ ಹತ್ರ ಇಟ್ಟ ಡೆಪಾಸಿಟ್ಟು, ವಾಪಸ್ ಬರುತ್ತಲ್ಲ ಅಂತ ಖರ್ಚಿಗೆ ಬರ್ದಿರ್ಲಿಲ್ಲ. ವರದೀಲಿ ಉಳಿಕೆ 15,150 ಅಂತ ಹಾಕಿ ಕೆಳಗೆ ಕೈಲಿರೋದು, ಬರಬೇಕಾದ ಚಂದಾ, ಡೆಪಾಸಿಟ್ಟು ಅಂತ ಮೂರೂ ಬಿಡಿಸಿ ತೋರಿಸಿದ್ವಿ. ದಯವಿಟ್ಟು ‘ಇತರೆ ಖರ್ಚು’ ಅಂತ ಸೇರ್ಸಿ ತಾಳೆ ಮಾಡ್ಬೇಡಿ, ಯಾರಾದ್ರೂ ಬಿಲ್ ಕೇಳಿದ್ರೆ ತೋರ್ಸೋಕೆ ಏನೂ ಇರಲ್ಲ.