ಒಂಬತ್ತು ‘ಹೈ’ ಇದ್ದರೆ ಅಧ್ಯಕ್ಷರು ಯಾವುದನ್ನು ಮೊದಲು ನೋಡಬೇಕು?

“ಮಂಡ್ಯದ ಒಂದು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆಡಿಟ್ ವರದಿ ಬರೆಯುವುದು ಹೇಗೆ ಎಂಬ ಲೇಖನ ಕಳಿಸಿದ್ದೇನೆ. ಜೊತೆಗೆ ಒಂದು ಪತ್ತಿನ ಸಹಕಾರ ಸಂಘದ ವರದಿಯಿಂದ, ಹೆಸರು ತೆಗೆದು, ಆಡಳಿತ ಮಂಡಳಿಗೆ ಬರೆದ ಸಾರಾಂಶವನ್ನೂ ಮಾದರಿಯಾಗಿ ಇಟ್ಟಿದ್ದೇನೆ. ಪ್ರಕಟಿಸಬಹುದೇ ಮೇಡಂ? ತಪ್ಪಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ.”

ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಕನ್ನಡ ಚೆನ್ನಾಗಿದೆ, ಲೆಕ್ಕವೂ ಸರಿಯಾಗಿದೆ. ತೊಡಕಿರುವುದು ಮಾದರಿಯಲ್ಲಿ. ಹದಿನಾಲ್ಕು ನ್ಯೂನತೆಗಳಲ್ಲಿ ಒಂಬತ್ತಕ್ಕೆ ತೀವ್ರತೆಯ ದರ್ಜೆ ‘ಹೈ’ ಎಂದು ಹಾಕಿದ್ದೀರಿ. ಆ ಒಂಬತ್ತರಲ್ಲಿ ನಿಜವಾಗಿ ಭಯಪಡಬೇಕಾದ ವಿಷಯವೇ ಇಲ್ಲ. ಅದು ‘ಮೀಡಿಯಂ’ ಪಟ್ಟಿಯಲ್ಲಿ, ಹನ್ನೊಂದನೆಯದಾಗಿ ಕೂತಿದೆ.

ಒಡವೆ ಸಾಲದ ವಿಷಯ ಹೇಳುತ್ತಿದ್ದೇನೆ. ನೀವೇ ಬರೆದಿರುವ ವಿವರ ಇದು: ಸಂಘದ ಸೇಫಿನಲ್ಲಿ 380 ಪಾಕೆಟ್ ಒಡವೆ ಇದೆ, ಅದರ ಮೇಲೆ ಕೊಟ್ಟ ಸಾಲ 1.6 ಕೋಟಿ ರೂಪಾಯಿ. ಸೇಫಿನ ಎರಡು ಕೀಲಿಗಳು ಇಬ್ಬರ ಹತ್ತಿರ ಇರಬೇಕಿತ್ತು. ಕ್ಯಾಷಿಯರ್ ರಜೆ ಹೋದ ಮೇಲೆ ನಾಲ್ಕು ತಿಂಗಳಿಂದ ಎರಡೂ ಕಾರ್ಯದರ್ಶಿಯ ಹತ್ತಿರವೇ ಇವೆ. ಮೂರು ತಿಂಗಳಿಗೊಮ್ಮೆ ಪಾಕೆಟ್ ಬಿಚ್ಚಿ ನೋಡಬೇಕೆಂಬುದು ಸಂಘದ್ದೇ ನಿಯಮ. ಆದರೆ ಹದಿನಾಲ್ಕು ತಿಂಗಳಿಂದ ಯಾರೂ ನೋಡಿಲ್ಲ. ಇಷ್ಟಿದ್ದೂ ‘ಮೀಡಿಯಂ’ ಯಾಕೆ? “ಪರೀಕ್ಷಿಸಿದ 20 ಪಾಕೆಟ್‌ಗಳೂ ಸರಿಯಾಗಿದ್ದವು” ಎಂದು ಕಾರಣ ಕೊಟ್ಟಿದ್ದೀರಿ.

ಆ 20 ಪಾಕೆಟ್ ಸರಿಯಾಗಿದ್ದವು, ಅಷ್ಟೇ. ಉಳಿದ 360ರ ಮಾತು ನಿಮಗೂ ಗೊತ್ತಿಲ್ಲ, ಮಂಡಳಿಗೂ ಗೊತ್ತಿಲ್ಲ. ನಷ್ಟ ಕಣ್ಣಿಗೆ ಬಿತ್ತೇ ಇಲ್ಲವೇ ಎಂಬುದರ ಮೇಲೆ ತೀವ್ರತೆ ನಿಲ್ಲುವುದಿಲ್ಲ. ಹೀಗೇ ಬಿಟ್ಟರೆ ಎಷ್ಟು ಹಾನಿ ಆಗಬಹುದು, ಆಗುವ ಸಾಧ್ಯತೆ ಎಷ್ಟು, ಈಗಿರುವ ಯಾವ ಹತೋಟಿ ಅದನ್ನು ತಡೆಯುತ್ತದೆ, ಇವನ್ನು ನೋಡಬೇಕು. ನಾನು ಇನ್ನೊಂದನ್ನೂ ಕೇಳುತ್ತೇನೆ: ತಪ್ಪು ನಡೆದರೆ ಯಾರಿಗೆ, ಯಾವಾಗ ಗೊತ್ತಾಗುತ್ತದೆ? ಇಲ್ಲಿ ಪಾಕೆಟ್ ಬದಲಾದರೆ ಸದಸ್ಯರು ಸಾಲ ತೀರಿಸಿ ಒಡವೆ ಬಿಡಿಸಿಕೊಳ್ಳಲು ಬಂದ ದಿನ ಗೊತ್ತಾಗುತ್ತದೆ. ಅದು ವರ್ಷ ಕಳೆದ ಮೇಲೂ ಆಗಬಹುದು. ನಡುವೆ ತಡೆಯುವ ಕೈ ಒಂದೂ ಇಲ್ಲ.

ಇದರ ಜೊತೆಗೆ ನಿಮ್ಮ ಆರನೆಯ ನ್ಯೂನತೆ ಓದಿ. ಕಾರ್ಯದರ್ಶಿಯ ಪಾಸ್‌ವರ್ಡ್ ಬಳಸಿ ಗುಮಾಸ್ತರೇ ಸಾಲ ಮಂಜೂರು ಮಾಡುತ್ತಿದ್ದಾರೆ ಎಂದಿದೆ. ಬೇರೆಯಾಗಿ ನೋಡಿದರೆ ಅದು ‘ಮೀಡಿಯಂ’ ಇರಬಹುದು. ಕೀಲಿಯ ವಿಷಯದ ಪಕ್ಕ ಇಟ್ಟರೆ ಚಿತ್ರವೇ ಬದಲಾಗುತ್ತದೆ. ಸಾಲ ಹುಟ್ಟಿಸುವುದು, ಮಂಜೂರು ಮಾಡುವುದು, ಒಡವೆ ಕಾಯುವುದು ಎಲ್ಲ ಒಂದೇ ಮೇಜಿನ ಸುತ್ತ ಮುಗಿಯುತ್ತಿದೆ, ಅಲ್ವಾ? ಬೇರು ಒಂದೇ ಆಗಿರುವ ನ್ಯೂನತೆಗಳನ್ನು ಒಟ್ಟಿಗೆ ಕಟ್ಟಿ, ಒಟ್ಟಿಗೇ ತೂಗಿ. ಇವೆರಡೂ ಸೇರಿ ಒಂದು ‘ಹೈ’.

ಈಗ ನೀವು ಮೊದಲ ‘ಹೈ’ ಎಂದಿರುವ ಬಡ್ಡಿ ಲೆಕ್ಕ. 60 ಸಾಲದ ಖಾತೆಗಳಲ್ಲಿ 7ರಲ್ಲಿ ಬಡ್ಡಿ ಜಾಸ್ತಿ ಹಿಡಿದಿದೆ, ಒಟ್ಟು 9,200 ರೂಪಾಯಿ. ಏಳು ತಪ್ಪು ಎಂದಾಗ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಏಳೂ ಒಂದೇ ಬಗೆಯ ಸಾಲದವು. ಬಡ್ಡಿ ದರ ಇಳಿಸಿದಾಗ ಆ ಬಗೆಗೆ ಮಾತ್ರ ಸಾಫ್ಟ್‌ವೇರಿನಲ್ಲಿ ಹೊಸ ದರ ಹಾಕಿರಲಿಲ್ಲ. ಅಂಥ ಖಾತೆಗಳು ಸಂಘದಲ್ಲಿ 84 ಇವೆ ಎಂದು ನೀವೇ ಅಡಿಟಿಪ್ಪಣಿಯಲ್ಲಿ ಹೇಳಿದ್ದೀರಿ. ಎಲ್ಲದರಲ್ಲೂ ಸರಾಸರಿ ಇಷ್ಟೇ ತಪ್ಪಿದೆ ಎಂದುಕೊಂಡರೂ ಮೊತ್ತ ಸುಮಾರು 1.1 ಲಕ್ಷ. ಯಾರ ಖಾತೆ ಎಂದು ಗೊತ್ತು, ವಾಪಸ್ ಕೊಡಬಹುದು. ಸದಸ್ಯರ ದುಡ್ಡು ಆದ್ದರಿಂದ ‘ಲೋ’ ಎನ್ನಲಾಗದು. ‘ಮೀಡಿಯಂ’ ಸಾಕು.

ನಗದು ಮಿತಿಯದ್ದು ಇನ್ನೂ ಸಣ್ಣದು. 3 ಲಕ್ಷದ ಮಿತಿ ಇರುವಲ್ಲಿ ಎರಡು ದಿನ 4.5 ಲಕ್ಷ ಇತ್ತು. ಬ್ಯಾಂಕಿಗೆ ರಜೆ ಇತ್ತು, ವಿಮೆ 5 ಲಕ್ಷದವರೆಗೆ ಇದೆ, ಮೂರನೆಯ ದಿನ ಕಟ್ಟಿದ್ದಾರೆ. ನಿಯಮ ಮುರಿದಿದೆ ಎಂಬ ಒಂದೇ ಕಾರಣಕ್ಕೆ ‘ಹೈ’ ಹಾಕಬೇಡಿ. ಇದು ‘ಲೋ’.

ಈ ಎಡವಟ್ಟಿಗೆ ಕಾರಣ, ನಿಮ್ಮ ಲೇಖನದಲ್ಲಿ ಎಲ್ಲೂ ಅಳತೆಗೋಲು ಇಲ್ಲ. ‘ಗಂಭೀರವಾದದ್ದು ಹೈ’ ಎಂದರೆ ಓದುವವರಿಗೆ ಏನೂ ಸಿಗುವುದಿಲ್ಲ. ಆಡಿಟ್ ಶುರುವಾಗುವ ಮೊದಲೇ ಸಂಘದ ಗಾತ್ರಕ್ಕೆ ತಕ್ಕಂತೆ ಬರೆದು, ಮಂಡಳಿಗೆ ತೋರಿಸಿ ಒಪ್ಪಿಸಿಕೊಳ್ಳಬೇಕು. ಈ ಸಂಘದ ವರ್ಷದ ಲಾಭ 22 ಲಕ್ಷ. ಲಾಭದ ಕಾಲು ಭಾಗಕ್ಕಿಂತ ಹೆಚ್ಚು ಹೋಗಬಹುದಾದದ್ದು, ಅಥವಾ ಸದಸ್ಯರ ಒಡವೆ, ಠೇವಣಿಗೆ ನೇರ ಅಪಾಯ ಇರುವುದು ‘ಹೈ’ ಎಂದು ಇಟ್ಟುಕೊಳ್ಳಬಹುದು. ಆಗ 1.6 ಕೋಟಿ ಎಲ್ಲಿ, 1.1 ಲಕ್ಷ ಎಲ್ಲಿ ಎಂಬುದು ತಾನೇ ಬೇರೆಯಾಗುತ್ತದೆ. ಸಂಘಕ್ಕೆ ಆಡಿಟ್‌ನಲ್ಲಿ ಕೊಡುವ ಎ, ಬಿ, ಸಿ, ಡಿ ವರ್ಗವೇ ಬೇರೆ, ಒಂದೊಂದು ನ್ಯೂನತೆಯ ತೀವ್ರತೆಯೇ ಬೇರೆ. ನಿಮ್ಮ ಮೂರನೆಯ ಪ್ಯಾರಾದಲ್ಲಿ ಎರಡೂ ಕಲಸಿಹೋಗಿವೆ, ಬಿಡಿಸಿ ಬರೆಯಿರಿ.

ಇನ್ನು ಆ ಸಾರಾಂಶದ ಪುಟ. ಅರ್ಧ ಪುಟ ಸಂಘದ ಇತಿಹಾಸ, ಆಡಿಟ್ ವ್ಯಾಪ್ತಿ ಮತ್ತು ಸಹಕರಿಸಿದವರಿಗೆ ವಂದನೆಗೆ ಹೋಗಿದೆ. ಮಂಡಳಿಯಲ್ಲಿ ಇರುವವರು ಹೆಚ್ಚಿನವರು ರೈತರು. ಕಬ್ಬು ಕಟಾವಿನ ದಿನ ಗದ್ದೆಯಿಂದ ನೇರ ಸಭೆಗೆ ಬಂದವರು ಐದು ನಿಮಿಷದಲ್ಲಿ ಇದನ್ನು ನೋಡಿ ಠರಾವು ಮಾಡಬೇಕು. ಸಂಘ ಯಾವ ವರ್ಷ ನೋಂದಣಿಯಾಯಿತು ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮೊದಲ ಸಾಲಿನಲ್ಲೇ ನಿಮ್ಮ ತೀರ್ಮಾನ ಇರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಒಡವೆ ಸಾಲದ ಮೇಲಿನ ಹತೋಟಿ ಸಾಲದು. ಉಳಿದ ವ್ಯವಹಾರ ಬಹುಪಾಲು ಸರಿಯಾಗಿದೆ. ಸೇಫಿನ ಎರಡೂ ಕೀಲಿ ಒಬ್ಬರ ಬಳಿ ಇವೆ, 14 ತಿಂಗಳಿಂದ ಪಾಕೆಟ್ ಪರಿಶೀಲನೆ ಆಗಿಲ್ಲ, ಸಾಲ ಮಂಜೂರಾತಿಯ ಪಾಸ್‌ವರ್ಡ್ ಹಂಚಿಕೆಯಾಗಿದೆ. ಒಡವೆ ಕಾಣೆಯಾದರೆ ಕೂಡಲೇ ತಿಳಿಯುವ ದಾರಿ ಇಲ್ಲ. ಇದರಡಿ 1.6 ಕೋಟಿ ಸಾಲ ಇದೆ. ನಾವು ನೋಡಿದ 20 ಪಾಕೆಟ್‌ಗಳಲ್ಲಿ ವ್ಯತ್ಯಾಸ ಸಿಕ್ಕಿಲ್ಲ, 360 ನೋಡಿಲ್ಲ. ಮಂಡಳಿ ಇಂದು ತೀರ್ಮಾನಿಸಬೇಕಾದದ್ದು: ಎರಡನೆಯ ಕೀಲಿ ಯಾರ ಬಳಿ ಇರಬೇಕು, ಮತ್ತು 15 ದಿನದೊಳಗೆ ಎಲ್ಲ ಪಾಕೆಟ್‌ಗಳನ್ನು ಯಾವ ನಿರ್ದೇಶಕರ ಮುಂದೆ ಬಿಚ್ಚಿ ತೂಗಬೇಕು.”

ನೋಡದೆ ಬಿಟ್ಟದ್ದನ್ನೂ ಹೇಳಿದ್ದೇನೆ, ಗಮನಿಸಿ. ಅದನ್ನು ಮುಚ್ಚಿಟ್ಟರೆ ಎಲ್ಲ ಪಾಕೆಟ್ ನೋಡಿದ್ದಾರೆ ಎಂದು ಮಂಡಳಿ ತಿಳಿಯುತ್ತದೆ. ಇದರ ಕೆಳಗೆ ಬಡ್ಡಿಯ ವಿಷಯ ಎರಡು ಸಾಲು: ಎಷ್ಟು ವಾಪಸ್, ಯಾರಿಂದ, ಯಾವ ತಾರೀಖಿನೊಳಗೆ. ಉಳಿದ ಸಣ್ಣವುಗಳಿಗೆ ಸಂಖ್ಯೆ ಮತ್ತು ಪುಟ ಕೊಟ್ಟರೆ ಸಾಕು. ‘ಸೂಕ್ತ ಕ್ರಮ ಕೈಗೊಳ್ಳುವುದು’ ಎಂದು ನೀವು ಆರು ಕಡೆ ಬರೆದಿದ್ದೀರಿ. ಆ ಆರೂ ಕಡೆ ಹೊಣೆ ಯಾರದೆಂದು ಗೊತ್ತಾಗುವುದಿಲ್ಲ.

ಲೇಖನದಲ್ಲಿ ಒಂದು ಭಾಗ ಸೇರಿಸಿ, ಅದು ನಿಮ್ಮಂಥವರಿಗೆ ದಿನಾ ಬರುವ ಕಷ್ಟ. ಕರಡು ನೋಡಿದ ಕಾರ್ಯದರ್ಶಿ “ನಿನ್ನೆಯೇ ಕೀಲಿ ಬೇರೆಯವರಿಗೆ ಕೊಟ್ಟಾಯ್ತಲ್ಲ ಸರ್, ‘ಹೈ’ ತೆಗೆಯಿರಿ” ಎನ್ನುತ್ತಾರೆ. ಹೊಸ ದಾಖಲೆ ತೋರಿಸಿ ನಿಮ್ಮ ತಿಳಿವಳಿಕೆಯೇ ತಪ್ಪೆಂದು ಸಾಬೀತು ಮಾಡಿದರೆ ದರ್ಜೆ ಬದಲಿಸಿ. ಆಮೇಲೆ ಸರಿಪಡಿಸಿದ್ದಾದರೆ ದರ್ಜೆ ಹಾಗೇ ಇರಲಿ, ಪಕ್ಕದಲ್ಲಿ ‘ಕೀಲಿ ಹಸ್ತಾಂತರ ಆಗಿದೆ, ಪಾಕೆಟ್ ಪರಿಶೀಲನೆ ಬಾಕಿ’ ಎಂದು ತಾರೀಖಿನ ಸಮೇತ ಬರೆಯಿರಿ. ಹದಿನಾಲ್ಕೂ ನ್ಯೂನತೆಗಳನ್ನು ಹೊಸ ಅಳತೆಗೋಲಿನಿಂದ ಮತ್ತೆ ತೂಗಿ, ಸಾರಾಂಶವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.